ಮೂರು ದಿನಗಳನ್ನು ಕೊಟ್ಟು ಬರೆದ ಮೇಲ್

ಆ ಸೋಮವಾರ ಮಾಡಿದ ಕೆಲಸಗಳು ಇವಿಷ್ಟು. ಬೆಳಿಗ್ಗೆ ನೀರುದೋಸೆ ಹೊಯ್ದೆ. ಕುಚ್ಚಲಕ್ಕಿ ಬೇಯಲಿಟ್ಟೆ. ಹಿತ್ತಲಿನ ಬಸಳೆಗೆ ನೀರು ಹಾಕಿದೆ. ಯಜಮಾನರು ಹೊಲಿದಿಟ್ಟಿದ್ದ ಯೂನಿಫಾರಂ ಅಂಗಿಗಳಿಗೆ ಬಟನ್ ಹಚ್ಚಿದೆ. ನೀಲಿ ಸೀರೆಗೆ ಇಸ್ತ್ರಿ ಹಾಕಿ, ಮಡಚಿ, ಕುರ್ಚಿಯ ಮೇಲಿಟ್ಟೆ. ಅದು ಮರುದಿನದ್ದು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಮೂಡಬಿದಿರೆ ಹತ್ತಿರದ ಒಂದು ಶಾಲೆಯಲ್ಲಿ ನನಗೆ ಸಂದರ್ಶನವಿತ್ತು, ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೆಲಸಕ್ಕೆ. ಮದುವೆಗೆ ಮೊದಲು ಎರಡು ವರ್ಷ ಅಂಥದೇ ಕೆಲಸ ಮಾಡಿದ್ದೆ. ನಲವತ್ತೆಂಟರಲ್ಲಿ ಇನ್ನು ಯಾರು ಕರೆಯುತ್ತಾರೆ ಎಂದುಕೊಂಡೇ ಅರ್ಜಿ ಹಾಕಿದ್ದು, ಕರೆದರು. ಮೇಲ್ ಬಂತು, ಬರುತ್ತೇನೆ ಅಂತ ನಾನೂ ಬರೆದೆ, ಎಲ್ಲ ಗಟ್ಟಿಯಾಯಿತು. ಗುರುವಾಯನಕೆರೆಯಲ್ಲಿ ಮನೆಯ ಮುಂಭಾಗದಲ್ಲೇ ಇದ್ದ ನಮ್ಮ ಹೊಲಿಗೆ ಅಂಗಡಿಯ ಮೆಷಿನಿನ ಸದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು. ಈ ಕೆಲಸ ನನಗೆ ಬೇಕಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಬಂಟ್ವಾಳದ ಕ್ಲಿನಿಕ್ಕಿನಿಂದ ಫೋನು ಬಂತು. ಯಜಮಾನರ ಕುತ್ತಿಗೆಯ ಗಂಟಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ಬಂದರೆ ಯಾರಾದರೂ ಬಂದು ತೆಗೆದುಕೊಂಡು ಹೋಗಬಹುದು ಅಂತ ಮೊದಲು ಹೇಳಿದ್ದವರು ಈಗ, "ನಾಳೆ ಹತ್ತಕ್ಕೆ ಬನ್ನಿ. ಅವರನ್ನು ಒಬ್ಬರನ್ನೇ ಕಳಿಸಬೇಡಿ, ಮನೆಯವರು ಜೊತೆಗಿರಿ" ಎಂದರು.

"ಏನಂತೆ?" ಅಂತ ನಾನು ಕೇಳಿದೆ.

"ಡಾಕ್ಟರೇ ಹೇಳ್ತಾರೆ ಅಮ್ಮ."

ಯಜಮಾನರು ಮೆಷಿನಿನ ಮುಂದೆ ನನ್ನ ನೀಲಿ ಸೀರೆಯ ರವಿಕೆಯನ್ನೇ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ನೀನು ಇಂಟರ್‌ವ್ಯೂಗೆ ಹೋಗು ಮಾರಾಯ್ತಿ. ನಾನೇನು ಸಣ್ಣ ಮಗುವಾ, ಕೈ ಹಿಡ್ಕೊಂಡು ಹೋಗ್ಲಿಕ್ಕೆ?"

"ಅವರು ಹಾಗೆ ಹೇಳಿದ್ದು ಯಾಕೆ ಅಂತ ಗೊತ್ತುಂಟಾ ನಿಮಗೆ?"

"ಗೊತ್ತುಂಟು" ಎಂದರು. ಮೆಷಿನು ಮತ್ತೆ ಓಡಿತು.

ಕ್ಲಿನಿಕ್ಕಿನವರನ್ನು ಬೇರೆ ದಿನ ಕೇಳುವ ಧೈರ್ಯ ನನಗಿರಲಿಲ್ಲ. ಹಾಗಾದರೆ ಶಾಲೆಯನ್ನೇ ಕೇಳಬೇಕು. ಹಿಂದಿನ ದಿನ ಮಧ್ಯಾಹ್ನ ಕೇಳುವುದು ತಡವೇ, ಆದರೆ ಸಂಜೆಗಿಂತ ವಾಸಿ. ಹಿತ್ತಲ ಕಟ್ಟೆಯಲ್ಲಿ ಕುಳಿತು ಫೋನಿನಲ್ಲಿ ಬರೆಯತೊಡಗಿದೆ. ಗಂಟು ಯಾವಾಗ ಕಾಣಿಸಿದ್ದು, ಯಾವ ಮದ್ದು ಮಾಡಿದ್ದು, ಚೂರು ತೆಗೆದದ್ದು, ಕ್ಷಮಿಸಬೇಕು, ದಯವಿಟ್ಟು ಕ್ಷಮಿಸಬೇಕು ಅಂತ ಮತ್ತೆ ಎರಡು ಸಲ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ಮಗಳಿಗೆ ತೋರಿಸಿದೆ.

"ಅಮ್ಮಾ, ಇದು ಮೇಲಾ, ಪುರಾಣವಾ?"

"ಕಾರಣ ಹೇಳದಿದ್ದರೆ ಅಹಂಕಾರ ಅಂದುಕೊಳ್ತಾರೆ."

"ಮನೆಯ ತುರ್ತು ಅಂದರೆ ಸಾಕು. ಒಂದು ಸಲ ಸಾರಿ, ಮತ್ತೆ ಯಾವಾಗ ಬರಬಹುದು ಅಂತ. ಅವರಿಗೆ ಬೇಕಾದದ್ದು ಅಷ್ಟೇ."

ಯಜಮಾನರು ಬಾಗಿಲಿಗೆ ಬಂದು ನಿಂತಿದ್ದರು. "ನನ್ನ ಸುದ್ದಿ ಅದರಲ್ಲಿ ಬೇಡ. ಕಾಯಿಲೆ ಗಂಡ ಇದ್ದವಳನ್ನು ರಾತ್ರಿಯೆಲ್ಲ ಹಾಸ್ಟೆಲಿನಲ್ಲಿ ಇರು ಅಂತ ಯಾರು ಇಟ್ಕೊಳ್ತಾರೆ?"

ಎಲ್ಲ ಅಳಿಸಿದೆವು. ಶಾಲೆಯ ಆಫೀಸಿನವರು ಕಳಿಸಿದ ಮೇಲಿಗೇ ಉತ್ತರವಾಗಿ ಹೊಸದು ಬರೆದೆವು. ಶಾಲೆಯ ಮ್ಯಾನೇಜರರ ವಿಳಾಸವೂ ಅದರಲ್ಲಿ ಇದ್ದದ್ದರಿಂದ ಆಫೀಸಿಗೂ ಅವರಿಗೂ ಹೋಗುವ ಹಾಗೆ ನೋಡಿಕೊಂಡೆವು. "ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ನಿಗದಿಯಾದ ವಾರ್ಡನ್ ಹುದ್ದೆಯ ಸಂದರ್ಶನಕ್ಕೆ ಮನೆಯ ತುರ್ತಿನಿಂದಾಗಿ ಬರಲಾಗುತ್ತಿಲ್ಲ. ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ. ಬುಧವಾರ ಮಧ್ಯಾಹ್ನ ಎರಡರ ನಂತರ, ಗುರುವಾರ ಬೆಳಿಗ್ಗೆ, ಅಥವಾ ಶನಿವಾರ ಯಾವ ಹೊತ್ತಿಗಾದರೂ ಬರಬಲ್ಲೆ. ತಮಗೆ ಅನುಕೂಲವಾದದ್ದನ್ನು ತಿಳಿಸಿದರೆ ಉಪಕಾರ." ಕೆಳಗೆ ನನ್ನ ಹೆಸರು, ಫೋನ್ ನಂಬ್ರ.

ಶುಕ್ರವಾರವನ್ನು ಯಾಕೆ ಬಿಟ್ಟೆ ಎಂದು ನನಗೆ ಈಗಲೂ ಗೊತ್ತಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು ದಿನಗಳ ಮೇಲೆ ಬೆರಳಿಟ್ಟಾಗ ಒಂದು ಮಾತ್ರ ಅನಿಸಿತ್ತು: ನಾಳೆ ಡಾಕ್ಟರು ಏನು ಹೇಳುತ್ತಾರೋ ತಿಳಿಯದೆ, ನನ್ನದೋ ಅಲ್ಲವೋ ಗೊತ್ತಿಲ್ಲದ ಮೂರು ದಿನಗಳನ್ನು ನಾನು ಬೇರೆಯವರಿಗೆ ಕೊಡುತ್ತಿದ್ದೇನೆ.

ಸಂಜೆಯವರೆಗೆ ಉತ್ತರವಿಲ್ಲ. ಸಾರು ಕುದಿಯುವಾಗ ನೋಡಿದೆ, ದೀಪ ಹಚ್ಚಿ ನೋಡಿದೆ. ಇಲ್ಲ.

ಮಂಗಳವಾರ ಬೆಳಿಗ್ಗೆ ಬಂಟ್ವಾಳದ ಬಸ್ಸಿನಲ್ಲಿ ಕುಳಿತೆವು. ಪುಂಜಾಲಕಟ್ಟೆ ದಾಟುವ ಹೊತ್ತಿಗೆ ಯಜಮಾನರ ಅಣ್ಣನ ಫೋನು ಬಂತು. ಅವರಿಗೆ ಮೂಡಬಿದಿರೆಯಲ್ಲಿ ಅಂಗಡಿ ಉಂಟು, ಊರಿನಲ್ಲಿ ಅವರ ಗುರ್ತದವರಲ್ಲದವರು ಇಲ್ಲ.

"ಏನಮ್ಮಾ, ಇಂಟರ್‌ವ್ಯೂ ಬದಲಿಸಿದ್ದಂತೆ? ನಿನ್ನೆ ರಾತ್ರಿ ತಮ್ಮ ಹೇಳಿದ. ಮೇಲ್ ಗೀಲ್ ಎಲ್ಲ ಯಾರು ನೋಡ್ತಾರೆ? ಮ್ಯಾನೇಜರು ನಮ್ಮ ಅಂಗಡಿಗೇ ಬರುವವರು. ಬೆಳಿಗ್ಗೆಯೇ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಪಾಪ, ತುಂಬ ಬೇಜಾರು ಮಾಡ್ಕೊಂಡರು."

"ಎಲ್ಲ ಅಂದರೆ ಏನು ಭಾವ?"

"ಎಲ್ಲ. ಗಂಟು, ರಿಪೋರ್ಟು. ನೀನು ಹೆದರಬೇಡ."

ಭಾವನಿಗೆ ಬೈಯುವ ಹಾಗಿಲ್ಲ. ಪ್ರೀತಿಯಿಂದಲೇ ಮಾಡಿದ್ದು. ನಮ್ಮಲ್ಲಿ ಕಾಗದ ಹೋದರೆ ಸಾಲದು, ಹಿಂದೆಯೇ ಒಬ್ಬ ಮನುಷ್ಯ ಹೋಗಿ ಮಾತು ಹಾಕಬೇಕು. ನಾವು ಆರು ಸಾಲಿನಲ್ಲಿ ಮುಚ್ಚಿಟ್ಟದ್ದನ್ನು ಅವರು ಒಂದೇ ಫೋನಿನಲ್ಲಿ ಬಿಚ್ಚಿದ್ದರು. ಯಜಮಾನರು ಕಿಟಕಿಯ ಕಡೆ ನೋಡುತ್ತ, "ಅಣ್ಣನಿಗೆ ಹೇಳಬಾರದಿತ್ತು ನಾನು" ಎಂದರು.

ಉತ್ತರ ಬಂದದ್ದು ಕ್ಲಿನಿಕ್ಕಿನ ಬೆಂಚಿನಲ್ಲಿ ಕುಳಿತಿದ್ದಾಗ. "ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಬಹುದು. ಇನ್ನೊಮ್ಮೆ ಬದಲಿಸಲಾಗುವುದಿಲ್ಲ. ವಾರ್ಡನ್ ರಾತ್ರಿ ಹಾಸ್ಟೆಲಿನಲ್ಲೇ ಇರಬೇಕಾಗುತ್ತದೆ. ನಿಮ್ಮ ಮನೆಯವರ ಆರೋಗ್ಯದ ಸ್ಥಿತಿಯಲ್ಲಿ ಅದು ಸಾಧ್ಯವೇ ಎಂದು ಯೋಚಿಸಿ ಬನ್ನಿ." ನಾನು ಬರೆಯದ ಮಾತಿಗೆ ಬಂದ ಉತ್ತರ ಅದು. ಓದುತ್ತಿರುವಾಗಲೇ ಒಳಗೆ ಕರೆದರು.

ಡಾಕ್ಟರು ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕುಳಿತರು. ಯಾವತ್ತೂ ಹಾಗೆ ಕುಳಿತವರಲ್ಲ. ರಿಪೋರ್ಟನ್ನು ಮಡಚಿ ಲಕೋಟೆಗೆ ಹಾಕಿದರು. "ಮಂಗಳೂರಿಗೆ ಹೋಗಬೇಕು. ಶುಕ್ರವಾರ ಬೆಳಿಗ್ಗೆ ಅಲ್ಲಿ ದೊಡ್ಡ ಡಾಕ್ಟರು ಸಿಗ್ತಾರೆ, ನಾನು ಮಾತಾಡಿದ್ದೇನೆ. ಅಲ್ಲೇ ಉಳಿಯಲಿಕ್ಕೆ ಬಟ್ಟೆ ತೆಗೆದುಕೊಂಡೇ ಹೋಗಿ. ದಿನ ಮುಂದೆ ಹಾಕಬೇಡಿ."

ಹೊರಗೆ ಬಸ್ ಸ್ಟಾಂಡಿನಲ್ಲಿ ನಾನು ಫೋನು ಹಿಡಿದುಕೊಂಡು ನಿಂತೆ. ಯಜಮಾನರು ಮೇಲನ್ನು ಎರಡು ಸಲ ಓದಿದರು. ಓದಲು ಫೋನನ್ನು ಕಣ್ಣಿನಿಂದ ದೂರ ಹಿಡಿದಾಗ ಕುತ್ತಿಗೆಯ ಮದ್ದಿನ ಪಟ್ಟಿ ಕಾಣಿಸಿತು.

"ಬರ್ತೇನೆ ಅಂತ ಬರಿ."

"ರಾತ್ರಿಯದ್ದು?"

"ಯೋಚನೆ ಮಾಡಿ ಬನ್ನಿ ಅಂದದ್ದು ತಾನೇ? ಗುರುವಾರ ಮೂಡಬಿದಿರೆಗೆ ಒಂದು ಗಂಟೆ ದಾರಿ ಉಂಟು. ವೇಣೂರಿನವರೆಗೆ ಯೋಚನೆ ಮಾಡು, ಮತ್ತೆ ನಿದ್ದೆ ಮಾಡು." ನಕ್ಕರು. ನಗು ಅರ್ಧದಲ್ಲಿ ನಿಂತಿತು, ಕೈ ಕುತ್ತಿಗೆಯ ಪಟ್ಟಿಯ ಮೇಲೆ ಹೋಯಿತು.

"ಧನ್ಯವಾದಗಳು. ಗುರುವಾರ ಹನ್ನೊಂದಕ್ಕೆ ಬರುತ್ತೇನೆ" ಎಂದು ಬರೆದು ಕಳಿಸಿದೆ. ರಾತ್ರಿಯ ಬಗ್ಗೆ ಶಾಲೆಯವರು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ.

ಮನೆಗೆ ಬಂದ ಮೇಲೆ ಯಜಮಾನರು ರವಿಕೆಯನ್ನು ಎತ್ತಿಕೊಂಡರು. ಹುಕ್ಕು ಇಡುವುದು ಮಾತ್ರ ಬಾಕಿ. ಸೂಜಿಗೆ ನೂಲು ಹಾಕಿದರು, ಒಂದು ಹುಕ್ಕು ಇಟ್ಟರು, ಉಳಿದದ್ದನ್ನು ಮೆಷಿನಿನ ಮೇಲಿಟ್ಟು, "ನಾಳೆ ಮಾಡ್ತೇನೆ" ಎಂದರು. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಅವರು ಕೈಗೆ ತೆಗೆದುಕೊಂಡ ಬಟ್ಟೆಯನ್ನು ನಾಳೆಗೆ ಇಟ್ಟದ್ದನ್ನು ನಾನು ನೋಡಿರಲಿಲ್ಲ. ಉಳಿದ ಐದು ಹುಕ್ಕುಗಳನ್ನು ನಾನೇ ಹಚ್ಚಿದೆ. ಅವರು ಹಚ್ಚಿದ ಹಾಗೆ ಬರಲಿಲ್ಲ.

ರಾತ್ರಿ ಗಂಜಿ, ಹುರುಳಿ ಚಟ್ನಿ, ಹಿಂದಿನ ದಿನದ ಬಸಳೆ ಸಾರು. ಯಜಮಾನರು ಗಂಜಿಯ ತಿಳಿ ಮಾತ್ರ ಕುಡಿದರು. ಎಲ್ಲರೂ ಮಲಗಿದ ಮೇಲೆ ಮೆಷಿನು ಮುಚ್ಚಿ, ಬಾಗಿಲಿನ ಚಿಲಕ ನೋಡಿ ಮಲಗುವವರು ಅವರು. ಆ ದಿನ ಅವರೇ ಮೊದಲು ಮಲಗಿದರು. ಚಿಲಕ ನಾನು ಹಾಕಿದೆ.