ಚಾಟ್ ತಾಳೆ ನೋಡಿದ ಸಿದ್ಧಗಂಗಯ್ಯನವರು

ತುಮಕೂರಿನ ಕೋರ್ಟಿನ ಎದುರು ಸಾಲಿನಲ್ಲಿ, ಜೆರಾಕ್ಸ್ ಅಂಗಡಿಗೂ ನೋಟರಿಯವರ ಮೇಜಿಗೂ ನಡುವೆ ಸಿದ್ಧಗಂಗಯ್ಯನವರು ಕೂತು ಮೂವತ್ತೊಂದು ವರ್ಷವಾಗಿತ್ತು. ಕ್ರಯಪತ್ರ, ವಿಭಾಗಪತ್ರ, ಉಯಿಲು, ಏನೇ ತನ್ನಿ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅವರು ಮಾಡಿಕೊಟ್ಟರೆ ಹೈಕೋರ್ಟಿನವರೂ ತಕರಾರು ಎತ್ತುತ್ತಿರಲಿಲ್ಲ. ವಕೀಲರು ಅವರನ್ನು ‘ಇಂಗ್ಲಿಷ್ ಸಿದ್ಧಗಂಗಯ್ಯ’ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದಾಗಲೆಲ್ಲ ಅವರ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು.

ಆಮೇಲೆ ಜನ ಫೋನಿನಲ್ಲೇ ಜಗಳವಾಡಲು ಶುರುಮಾಡಿದರು. ಗಂಡ ಹೆಂಡಿರು, ಅಣ್ಣ ತಮ್ಮಂದಿರು, ಪಾಲುದಾರರು, ಎಲ್ಲರ ಜಗಳವೂ ವಾಟ್ಸಾಪಿನಿಂದ ಅಚ್ಚಾಗಿ ಕೋರ್ಟಿಗೆ ಬರತೊಡಗಿತು. ಅದನ್ನು ಬರೆದಿರುವುದು ಇಂಗ್ಲಿಷ್ ಅಕ್ಷರದಲ್ಲಿ, ಆಡಿರುವುದು ಕನ್ನಡ, ಮಧ್ಯೆ ಮಧ್ಯೆ ಇಂಗ್ಲಿಷ್ ಪದ. ‘ಆಯ್ತು’ ಅನ್ನುವುದನ್ನೇ ಒಬ್ಬ ನಾಲ್ಕು ಅಕ್ಷರದಲ್ಲಿ ಬರೆದರೆ ಇನ್ನೊಬ್ಬ ಆರು ಅಕ್ಷರದಲ್ಲಿ. ಕಡತಕ್ಕೆ ಹೋಗಬೇಕಾದರೆ ಅದು ಪೂರ್ತಿ ಕನ್ನಡವಾಗಬೇಕು. ಮೇಲ್ಮನವಿಗೆ ಬೆಂಗಳೂರಿಗೆ ಹೋದರೆ ಪೂರ್ತಿ ಇಂಗ್ಲಿಷಾಗಬೇಕು. ಸಿದ್ಧಗಂಗಯ್ಯನವರು ಮೊದಲ ಚಾಟನ್ನು ನೋಡಿ, “ಇದೇನ್ ಭಾಷೆನಪ್ಪ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ” ಎಂದು ಮೂಗು ಮುರಿದಿದ್ದರು.

ಆ ಕೆಲಸಕ್ಕೆ ಮುಬೀನಾ ಬಂದಳು. ಜೆರಾಕ್ಸ್ ಅಂಗಡಿಯ ಕೊನೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತ ಇಪ್ಪತ್ತೇಳರ ಹುಡುಗಿ. ಎರಡೇ ವರ್ಷದಲ್ಲಿ ಅವಳ ಮುಂದೆ ವಕೀಲರು ಸಾಲುಗಟ್ಟಿದರು. ಸಿದ್ಧಗಂಗಯ್ಯನವರ ಮುಂದಿನ ಕುರ್ಚಿಯಲ್ಲಿ ಈಗ ಕೂರುತ್ತಿದ್ದವರು ಅವಳ ಸರದಿ ಕಾಯುತ್ತಿದ್ದವರು. “ಸಾರ್, ಒಂದ್ನಿಮಿಷ ಕೂತ್ಕೋತೀನಿ, ಆ ಹುಡುಗಿ ಫ್ರೀ ಆಗ್ಲಿ” ಎಂದು ಯಾರಾದರೂ ಅಂದರೆ ಅವರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಅವಳು ಕೆಲಸ ಮಾಡುವ ರೀತಿಯೇ ಅವರಿಗೆ ಆಗುತ್ತಿರಲಿಲ್ಲ. ಪ್ರತಿ ಸಂದೇಶವನ್ನೂ ಮೊದಲು ಬಾಯಿಬಿಟ್ಟು ಓದುತ್ತಿದ್ದಳು. ಕೋಷ್ಟಕ ಹಾಕಿ, ಒಂದು ಮನೆಯಲ್ಲಿ ದಿನಾಂಕ ಮತ್ತು ಸಮಯ, ಮುಂದಿನದರಲ್ಲಿ ಬರೆದವರ ಹೆಸರು, ಆಮೇಲೆ ಇದ್ದ ಹಾಗೇ ಮೂಲ, ಅದರ ಪಕ್ಕ ಅನುವಾದ. ಕಳಿಸಿದ ಇಮೋಜಿ ಚಿತ್ರಗಳನ್ನೂ ಬಿಡದೆ ‘ಕೈಮುಗಿದ ಚಿತ್ರ’, ‘ಅಳುವ ಮುಖ’ ಎಂದು ಬರೆಯುತ್ತಿದ್ದಳು. ಇಂಗ್ಲಿಷಿಗೆ ಮಾಡುವಾಗ ‘ಕಣೋ’, ‘ರೀ’ ಎಲ್ಲ ಕರಗಿಹೋಗುತ್ತವಲ್ಲ, ಯಾರು ಯಾರನ್ನು ಸಲಿಗೆಯಿಂದ ಕರೆದರು, ಯಾರು ಮರ್ಯಾದೆಯಿಂದ ಕರೆದರು ಎಂದು ಕೆಳಗೆ ಸಣ್ಣ ಟಿಪ್ಪಣಿ ಹಾಕುತ್ತಿದ್ದಳು. ಎರವಲು ಪದಗಳಿಗೆ ಅವಳದು ಬೇರೆಯೇ ಲೆಕ್ಕ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ಈ ಹೆಂಗಸು ‘ಅಡ್ಜಸ್ಟ್’ ಎಂದರೆ ‘ಸಹಿಸಿಕೋ’, ಆ ಗಂಡಸು ಅದನ್ನೇ ಅಂದರೆ ‘ಹೇಗಾದರೂ ಹೊಂದಿಸು’. ನಿಘಂಟು ತೆಗೆದು ಒಂದೇ ಅರ್ಥ ಎಲ್ಲರಿಗೂ ಅಂಟಿಸುತ್ತಿರಲಿಲ್ಲ.

ಇದೆಲ್ಲ ಸರಿಯಾದ ಕೆಲಸ ಎಂದು ಸಿದ್ಧಗಂಗಯ್ಯನವರಿಗೆ ಗೊತ್ತಾಗುತ್ತಿತ್ತು. ಗೊತ್ತಾಗದೇ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಗುರುತು ಹಿಡಿಯುವಷ್ಟು ವಿದ್ಯೆ ಇತ್ತು, ಮಾಡುವ ಕೈ ಇರಲಿಲ್ಲ.

ಆ ಸಾಲಿನಲ್ಲಿ ಒಂದು ರೂಢಿ. ಒಬ್ಬರು ಅನುವಾದ ಮಾಡಿದ್ದನ್ನು ಇನ್ನೊಬ್ಬರು ಮೂಲದ ಜೊತೆ ತಾಳೆ ನೋಡಿ, ಕೆಳಗೆ ‘ತಾಳೆ ನೋಡಿದೆ’ ಎಂದು ಸಹಿ ಹಾಕಬೇಕು. ಕಾನೂನಿನಲ್ಲಿ ಇದೆಯೋ ಇಲ್ಲವೋ, ಎರಡು ಸಹಿ ಇದ್ದರೆ ವಕೀಲರಿಗೆ ಧೈರ್ಯ. ಮುಬೀನಾ ತನ್ನ ಹಾಳೆಗಳನ್ನೆಲ್ಲ ಸಿದ್ಧಗಂಗಯ್ಯನವರಿಗೇ ತಂದುಕೊಡುತ್ತಿದ್ದಳು. ಹೀಗೆ ಅವರು ಅವಳ ಹೆಸರಿನ ಕೆಳಗೆ ಸಹಿ ಹಾಕುವವರಾದರು. ಕೆಳಗೆ ಎಂಬುದು ಅವರಿಗೆ ಪ್ರತಿ ಸಲವೂ ಕಾಣುತ್ತಿತ್ತು.

ತ್ರಿವೇಣಿಯ ಕೇಸು ಬಂದದ್ದು ಆಗ. ಖಾಸಗಿ ಆಸ್ಪತ್ರೆಯ ನರ್ಸು ಆಕೆ. ಗಂಡ ಲೋಹಿತ್ ಬೇರೆಯಾಗಿದ್ದ, ನಾಲ್ಕು ವರ್ಷದ ಮಗಳು ತನಗೇ ಬೇಕು, ಇವಳು ಮಗುವನ್ನು ನೋಡುವವಳಲ್ಲ ಎಂದು ಅರ್ಜಿ ಹಾಕಿದ್ದ. ಅದು ಸುಳ್ಳು ಎನ್ನಲು ತ್ರಿವೇಣಿಯ ಕೈಯಲ್ಲಿದ್ದದ್ದು ಇನ್ನೂರ ಹನ್ನೆರಡು ಸಂದೇಶ. ಅವಳ ವಕೀಲರಾದ ಪಾಲಾಕ್ಷಯ್ಯನವರು ಸಿದ್ಧಗಂಗಯ್ಯನವರ ಮೇಜು ದಾಟಿಕೊಂಡು ಹೋಗಿ ಮುಬೀನಾಗೆ ಕೊಟ್ಟರು. ಇದೇ ಪಾಲಾಕ್ಷಯ್ಯನವರ ಮೊದಲ ದಾವೆಯಿಂದ ಹಿಡಿದು ಇಪ್ಪತ್ತು ವರ್ಷದ ಕಾಗದ ಸಿದ್ಧಗಂಗಯ್ಯನವರ ಕೈಯಲ್ಲೇ ಆಗಿತ್ತು.

“ನಮಸ್ಕಾರ ಸಿದ್ಧಗಂಗಯ್ಯನೋರೆ, ತಾಳೆ ನೀವೇ ನೋಡ್ಬಿಡಿ” ಎಂದು ಹೋಗುವಾಗ ಒಂದು ಮಾತು ಎಸೆದರು. ನಾಯಿಗೆ ಬಿಸ್ಕತ್ತು ಎಸೆದಂತಾಯಿತು ಇವರಿಗೆ.

ಮುಬೀನಾಳ ಕರಡು ಬಂತು. ಎಂಬತ್ತನಾಲ್ಕನೇ ಸಂದೇಶದಲ್ಲಿ ತ್ರಿವೇಣಿ ಗಂಡನಿಗೆ, ‘ಫುಲ್ ಟೆನ್ಷನ್ ಕಣೋ, ಈ ವೀಕ್ ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಪ್ಲೀಸ್, ಡ್ಯೂಟಿ ಮುಗಿದ್ ತಕ್ಷಣ ಬರ್ತೀನಿ, ಪಾಪುನ ಹ್ಯಾಂಡಲ್ ಮಾಡು’ ಎಂದು ಬರೆದು ಕೈಮುಗಿದಿದ್ದಳು. ಮುಬೀನಾ ಅದನ್ನು, ‘ತುಂಬಾ ಆತಂಕವಾಗಿದೆ ಕಣೋ. ಈ ವಾರ ಸ್ವಲ್ಪ ಸಹಿಸಿಕೋ, ದಯವಿಟ್ಟು. ಕೆಲಸ ಮುಗಿದ ತಕ್ಷಣ ಬರುತ್ತೇನೆ. ಪಾಪುವನ್ನು ನೋಡಿಕೋ’ ಎಂದು ಮಾಡಿ, ಪಕ್ಕದಲ್ಲಿ ‘ಕೈಮುಗಿದ ಚಿತ್ರ’ ಎಂದು ಬರೆದಿದ್ದಳು. ಸಿದ್ಧಗಂಗಯ್ಯನವರು ಒಂದು ತಪ್ಪು ಹುಡುಕಿದರು. ಸಿಕ್ಕಲಿಲ್ಲ. ಆಗ ಕೆಂಪು ಪೆನ್ನು ತೆಗೆದರು.

‘ಮನಸ್ಸು ಉದ್ವಿಗ್ನಗೊಂಡಿದೆ. ಈ ವಾರದ ಮಟ್ಟಿಗೆ ಹೊಂದಾಣಿಕೆ ಮಾಡಿಕೊಳ್ಳತಕ್ಕದ್ದು. ಕರ್ತವ್ಯ ಮುಗಿಸಿ ಹಿಂದಿರುಗುವೆನು. ಮಗುವನ್ನು ನಿರ್ವಹಿಸತಕ್ಕದ್ದು.’ ಹೀಗೆ ಇನ್ನೂರ ಹನ್ನೆರಡನ್ನೂ ತಿದ್ದಿದರು. ‘ಕಣೋ’ ಹೋಯಿತು, ‘ಪ್ಲೀಸ್’ ಹೋಯಿತು, ಚಿತ್ರಗಳೆಲ್ಲ ಹೋದವು, ಮೂಲ ಬರೆದ ಮನೆಯ ಮೇಲೂ ಗೀಟು ಬಿತ್ತು. ಹಾಳೆಯ ತುಂಬ ಕೆಂಪು ನೋಡಿ ಎರಡು ವರ್ಷದಲ್ಲಿ ಮೊದಲ ಸಲ ಅವರಿಗೆ ಹಾಯೆನಿಸಿತು.

“ಅಂಕಲ್, ಕೈಮುಗಿದಿರೋದನ್ನೂ ತೆಗೆದುಬಿಡ್ಲಾ?” ಎಂದಳು ಮುಬೀನಾ.

“ಕೋರ್ಟಿಗೇನು ಚಿತ್ರಪಟ ಕೊಡ್ತೀಯೇನಮ್ಮಾ? ಕಡತದ ಕನ್ನಡ ಬೇರೆ, ಮೊಬೈಲ್ ಕನ್ನಡ ಬೇರೆ. ಇಷ್ಟ್ ದಿನ ಯಾರೂ ಹೇಳ್ಕೊಟ್ಟಿಲ್ಲ ನಿಂಗೆ.”

ಅಂದು ಮಧ್ಯಾಹ್ನವೇ ಸಲ್ಲಿಸಬೇಕಿತ್ತು. ಅವಳು ಕೆಂಪಿನಲ್ಲಿದ್ದದ್ದನ್ನೆಲ್ಲ ಹಾಗೇ ಟೈಪು ಮಾಡಿ ಮೇಲೆ ಸಹಿ ಹಾಕಿದಳು. ಅವರು ಕೆಳಗೆ ಹಾಕಿದರು.

ಮುಂದಿನ ತಿಂಗಳು ಪಾಟೀಸವಾಲು. ಲೋಹಿತನ ವಕೀಲರು ಎಂಬತ್ತನಾಲ್ಕನೇ ಸಂದೇಶವನ್ನು ಗಟ್ಟಿಯಾಗಿ ಓದಿ, “ಏನ್ ಮೇಡಂ, ಗಂಡನಿಗೆ ಆರ್ಡರ್ ಹಾಕೋದಾ ಇದು? ಮಗುನ ನಿರ್ವಹಿಸತಕ್ಕದ್ದು! ಹೆತ್ತ ತಾಯಿ ಹೀಗ್ ಬರೀತಾಳಾ?” ಎಂದರಂತೆ. ತ್ರಿವೇಣಿ ಗಾಬರಿಬಿದ್ದು, “ನಾನ್ ಹೀಗೆ ಬರ್ದಿಲ್ಲ ಸ್ವಾಮಿ. ಇದು ನನ್ ಮಾತೇ ಅಲ್ಲ” ಎಂದುಬಿಟ್ಟಳು. ಆ ವಕೀಲರಿಗೆ ಅಷ್ಟೇ ಬೇಕಿತ್ತು. ತಾನೇ ಹಾಜರುಮಾಡಿದ ಸಾಕ್ಷ್ಯವನ್ನು ತಾನೇ ಅಲ್ಲಗಳೆದಳು, ದಾಖಲಾಗಲಿ ಎಂದರು. ಅನುವಾದಕ್ಕೆ ಸಹಿ ಹಾಕಿದವರಿಬ್ಬರೂ ಮೂಲದ ಸಮೇತ ಹಾಜರಾಗಬೇಕೆಂದು ನ್ಯಾಯಾಧೀಶರು ಹೇಳಿದರು.

ಪಾಲಾಕ್ಷಯ್ಯನವರು ಕರಿ ಕೋಟು ಹಾರಿಸಿಕೊಂಡು ಬಂದವರೇ ಸಾಲಿನವರೆಲ್ಲ ಕೇಳುವ ಹಾಗೆ ಮುಬೀನಾಳ ಮೇಲೆ ಹರಿಹಾಯ್ದರು. “ಏನಮ್ಮಾ ಬರ್ದಿದೀಯ? ನನ್ ಕಕ್ಷಿದಾರಳ ಮಗು ಹೋಗುತ್ತೆ ಕಣಮ್ಮಾ ನಿನ್ನಿಂದ!”

ಸಿದ್ಧಗಂಗಯ್ಯನವರು ತಲೆ ತಗ್ಗಿಸಿ ಕೂತರು. ಒಳಗೊಳಗೇ ಒಂದು ತಣ್ಣನೆ ಖುಷಿ, ಅದರ ಬೆನ್ನಿಗೇ ಭಯ. ಕೆಂಪು ಹಾಳೆಗಳು ಅವಳ ಡ್ರಾಯರಿನಲ್ಲಿದ್ದವು. ಈಗ ತೆಗೆಯುತ್ತಾಳೆ, ಈಗ ತೆಗೆಯುತ್ತಾಳೆ ಎಂದು ಕಾದರು. ಅವಳು ತೆಗೆಯಲಿಲ್ಲ.

“ಟೈಪ್ ಮಾಡ್ದೋಳು ನಾನು, ಸಹಿ ಹಾಕ್ದೋಳು ನಾನು ಸಾರ್. ಒಂದ್ಸಲ ಆ ಅಕ್ಕನ ಮುಂದೆ ಓದಿ ಕೇಳ್ಬೇಕಿತ್ತು, ಕೇಳಲಿಲ್ಲ. ತಪ್ಪು ನಂದೇ” ಎಂದಳು.

ಅವಳು ಚಾಡಿ ಹೇಳಿದ್ದರೆ ಸಿದ್ಧಗಂಗಯ್ಯನವರು ಜಗಳಕ್ಕೆ ನಿಲ್ಲಬಹುದಿತ್ತು. ಬೈಸಿಕೊಳ್ಳುವುದರಲ್ಲೂ ತನಗಿಂತ ಮೇಲೆಯೇ ನಿಂತಳಲ್ಲ ಇವಳು ಎಂದು ಅವರಿಗೆ ಮೈಯೆಲ್ಲ ಉರಿಯಿತು. ಕೋರ್ಟಿನಲ್ಲಿ ‘ನಾನು ಬರೀ ತಾಳೆ ನೋಡಿದವನು ಸ್ವಾಮಿ’ ಎಂದು ಹೇಳಿ ಕೈತೊಳೆದುಕೊಳ್ಳುವುದೆಂದು ತೀರ್ಮಾನಿಸಿದರು.

ಹಾಜರಾಗಬೇಕಾದ ದಿನ ನ್ಯಾಯಾಧೀಶರು ಮುಬೀನಾಗೆ, “ಮೂಲದಲ್ಲಿ ಏನಿದೆಯೋ ಅದನ್ನ ಹಾಗೇ ಓದಮ್ಮ” ಎಂದರು. ಅವಳು ಓದಿದಳು, ದಿನವೂ ಬಾಯಿಬಿಟ್ಟು ಓದುವ ಹಾಗೆಯೇ. ಫುಲ್ ಟೆನ್ಷನ್ ಕಣೋ. ಅಡ್ಜಸ್ಟ್ ಮಾಡ್ಕೋ ಪ್ಲೀಸ್. ಓದಿ, “ಇಲ್ಲಿ ಕೈಮುಗಿದಿದಾರೆ ಸ್ವಾಮಿ” ಎಂದಳು.

ತ್ರಿವೇಣಿ ಸೆರಗು ಬಾಯಿಗೊತ್ತಿ ಅಳುತ್ತಾ, “ಇದು ನಂದು ಸ್ವಾಮಿ, ಇದು ನಾನೇ ಬರ್ದಿದ್ದು” ಎಂದಳು. ಲೋಹಿತ್ ನೆಲ ನೋಡಿದ.

ಆ ಚಾಟನ್ನು ಸಿದ್ಧಗಂಗಯ್ಯನವರು ಕಿವಿಯಿಂದ ಕೇಳಿದ್ದು ಅದೇ ಮೊದಲು. ಹಾಳೆಯಲ್ಲಿ ಅದು ಮುಬೀನಾಳ ಕೆಲಸವಾಗಿತ್ತು, ಅಷ್ಟೇ. ಕೇಳಿದ ಮೇಲೆ ಅದೊಬ್ಬ ಸುಸ್ತಾದ ಹೆಂಗಸು ಗಂಡನನ್ನು ಬೇಡಿಕೊಂಡ ಮಾತಾಯಿತು. ಅವರು ಅಷ್ಟು ಕಷ್ಟಪಟ್ಟು ಕೆಂಪು ಪೆನ್ನಿನಲ್ಲಿ ಅಳಿಸಿದ್ದು ಆ ಬೇಡಿಕೆಯನ್ನು.

“ಹಾಗಾದ್ರೆ ಈ ಕಚೇರಿ ಕನ್ನಡ ಯಾರ್ದು?” ಎಂದರು ನ್ಯಾಯಾಧೀಶರು.

ಮುಬೀನಾ ಬಾಯಿ ತೆರೆಯುವ ಮೊದಲೇ ಸಿದ್ಧಗಂಗಯ್ಯನವರು ಎದ್ದಿದ್ದರು. “ನಂದು ಸ್ವಾಮಿ. ಈ ಹುಡುಗಿ ಸರಿಯಾಗೇ ಮಾಡಿದ್ಲು. ನಾನು ತಿದ್ದಿದೆ.”

“ಸರಿಯಾಗಿದೆ ಅಂತ ಗೊತ್ತಿತ್ತಾ ನಿಮಗೆ?”

ಇಲ್ಲ ಎಂದು ಹೇಳಲು ನಾಲಿಗೆ ಹೊರಳಿತ್ತು. “ಗೊತ್ತಿತ್ತು” ಎಂದರು.

ನ್ಯಾಯಾಧೀಶರು ಅದನ್ನು ಬರೆಸಿ, ಹೊಸ ಅನುವಾದ ಸಲ್ಲಿಸಲು ಹೇಳಿದರು. ತ್ರಿವೇಣಿಯ ಮಾತು ಕಡತದಲ್ಲಿ ಅವಳದಾಗಿಯೇ ಉಳಿಯುವಂತಾಯಿತು. ಹೊರಗೆ ಬಂದಾಗ ವಕೀಲರ ಗುಂಪು ಸಿದ್ಧಗಂಗಯ್ಯನವರಿಗೆ ದಾರಿ ಬಿಟ್ಟಿತು, ಮಾತಾಡಿಸಲಿಲ್ಲ. ‘ಇಂಗ್ಲಿಷ್ ಸಿದ್ಧಗಂಗಯ್ಯ’ ಎಂದು ಯಾರೂ ಕರೆಯಲಿಲ್ಲ.

ಎರಡು ದಿನ ಕಳೆದು ಮುಬೀನಾ ಹೊಸ ಹಾಳೆಗಳನ್ನು ಎದೆಗವಚಿಕೊಂಡು ಅವರ ಮೇಜಿಗೆ ಬಂದಳು. ಹಿಂದೆಯೇ ಪಾಲಾಕ್ಷಯ್ಯನವರು.

“ಮತ್ತೆ ಇವ್ರಿಗಾ? ತಲೆ ಕೆಟ್ಟಿದೆಯೇನಮ್ಮಾ? ಸಾಲಲ್ಲಿ ಬೇರೆ ಯಾರೂ ಇಲ್ವಾ ತಾಳೆ ನೋಡೋಕೆ?”

“ಬೇರೆಯೋರು ನೋಡ್ದೇನೇ ಸಹಿ ಹಾಕ್ತಾರೆ ಸಾರ್” ಎಂದಳು ಮುಬೀನಾ, ಹಾಳೆಗಳನ್ನು ಇಟ್ಟು. “ನನ್ ತಪ್ಪು ಹುಡುಕ್ಬೇಕು ಅನ್ನೋ ಆಸೆ ಅಂಕಲ್‌ಗೆ ಇರೋಷ್ಟು ಈ ಸಾಲಲ್ಲಿ ಯಾರಿಗಿದೆ? ಇವ್ರ ಕಣ್ಣಿಗೇ ಸಿಗ್ಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ.”

ನಗಲಿಲ್ಲ ಅವಳು. ಸಿಟ್ಟಿನಿಂದಲೂ ಹೇಳಲಿಲ್ಲ. ಎರಡು ವರ್ಷವೂ ತನ್ನ ಉರಿ ಇವಳಿಗೆ ಗೊತ್ತಿತ್ತು ಎಂಬುದು ಸಿದ್ಧಗಂಗಯ್ಯನವರ ತಲೆಗೆ ನಿಧಾನವಾಗಿ ಇಳಿಯಿತು. ಅವರು ಕನ್ನಡಕ ಒರೆಸಿಕೊಂಡು ಒಂದನೇ ಸಂದೇಶದಿಂದ ಶುರುಮಾಡಿದರು, ಈ ಸಲ ಬಾಯಿಬಿಟ್ಟು. ಒಂದಾದರೂ ಸಿಗಲಿ, ಒಂದೇ ಒಂದು ಸಿಗಲಿ ಎಂದುಕೊಳ್ಳುತ್ತಲೇ ಇನ್ನೂರ ಹನ್ನೆರಡನ್ನೂ ಎರಡು ಸಲ ಓದಿದರು. ಆಮೇಲೆ ಅವಳ ಹೆಸರಿನ ಕೆಳಗೆ ಸಹಿ ಹಾಕಿದರು.