ಬಾಡಿಗಿದಾರರ ಸೋಲಾರ್

ನಾ ಸಂಶಯದ ಮನಶ್ಯಾ. ಇದನ್ನ ಮೊದಲ ಹೇಳಿಬಿಡತೇನಿ, ಯಾಕಂದ್ರ ನನ್ನ ಹೆಂಡತಿ ಇದನ್ನ ಓದಿದ್ರ ಹೆಂಗಿದ್ರೂ ಹೇಳಾಕಿನ. ಮಾಳಮಡ್ಡಿಯೊಳಗ ನಮ್ಮದೊಂದು ಎರಡ ಅಂತಸ್ತಿನ ಮನಿ ಐತಿ. ಕೆಳಗ ನಾವಿಬ್ಬರು, ಮ್ಯಾಲ ಬಾಡಿಗಿದಾರರು, ಅದರ ಮ್ಯಾಲ ಟೆರೇಸು. ಟೆರೇಸಿನ ಬಾಗಲದ ಕೀಲಿ ಮಾತ್ರ ಯಾವತ್ತೂ ನನ್ನ ಕಡೆನ.

ಹ್ವಾದ ವರ್ಷ ಮ್ಯಾಲ ಹೊಸಾ ಬಾಡಿಗಿದಾರರು ಬಂದ್ರು. ಗಂಡ ಹುಬ್ಬಳ್ಳ್ಯಾಗ ಮೋಟರ್ ವೈಂಡಿಂಗ್ ಕೆಲಸಕ್ಕ ಹೋಗಾಂವ, ಹೆಂಡತಿ ಮನ್ಯಾಗ, ಜೊತಿಗೆ ಗಂಡನ ತಾಯಿ. ಮುದುಕಿಗೆ ಮಣಕಾಲ ನೋವು ಅಂತ ಹೇಳಿದ್ರು. ಸಾಮಾನು ತಂದ ದಿನ ಆಕಿನ್ನ ಇಬ್ಬರು ಹಿಡಕೊಂಡು ಮ್ಯಾಲ ಹತ್ತಿಸಿದ್ದು ನೋಡಿದ್ದೆ. ಆಮ್ಯಾಲ ಆಕಿ ಕೆಳಗ ಇಳಿದಿದ್ದನ್ನ ನಾ ನೋಡಲಿಲ್ಲ. ಮಣಕಾಲ ನೋವಿನವರು ವಾರಕ್ಕೊಮ್ಮೆರ ಗುಡಿಗೆ, ದವಾಖಾನಿಗೆ ಇಳೀತಾರ. ಇದರಾಗ ಏನೋ ಐತಿ ಅಂತ ಹೆಂಡತಿಗೆ ಅಂದೆ. “ನಿಮಗ ಬ್ಯಾರೆ ಕೆಲಸ ಇಲ್ಲ” ಅಂದ್ಲು.

ಒಂದು ತಿಂಗಳ ಆದಮ್ಯಾಲ ಮುದುಕಿ ಸೊಸಿ, ಆ ಹುಡುಗಿ, ಕೆಳಗ ಬಂದ್ಲು. ಕುಂಡ್ರು ಅಂದ್ರೂ ಬಾಗಲದಾಗನ ನಿಂತ್ಲು.

“ಕಾಕಾರ, ಟೆರೇಸ್ ಮ್ಯಾಲ ಬಟ್ಟಿ ಒಣಾ ಹಾಕಾಕ ಬಿಡ್ತೀರೇನ್ರಿ? ಒಳಗ ಒಣಗವಲ್ಲವು. ಇನ್ನೊಂದು ಮಾತು. ಒಂದು ಸಣ್ಣ ಸೋಲಾರ್ ಕುಂಡರಿಸಿದ್ರ ನಿಮಗೂ ಬಿಸಿನೀರು, ನಮಗೂ ಬಿಸಿನೀರು. ಖರ್ಚು ಅರ್ಧ ಅರ್ಧ. ರಿಪೇರಿನೂ ಹಂಗ ಹಂಚ್ಕೊಳ್ಳೂಣು.”

ಅರ್ಧ ಅರ್ಧ ಅನ್ನೂ ಮಾತು ಕೇಳಿದ ಕೂಡಲೆ ನನ್ನ ಕಿವಿ ನೆಟ್ಟಗಾದವು. ಉಪ್ಪಿನಬೆಟಗೇರ್ಯಾಗ ನಮ್ಮ ಅಪ್ಪಂದು ಹೊಲ ಇತ್ತು, ಗೇಣಿಗೆ ಕೊಟ್ಟಿದ್ದ. ಗೇಣಿ ಮಾಡಾಂವ ಒಂದಿನ ಬಂದು ಅರ್ಧ ಖರ್ಚು ನಂದು, ಅರ್ಧ ನಿಂದು, ಬಾವಿ ತಗಸೂಣು ಅಂದ. ಬಾವಿ ಆತು. ಮುಂದ ಕಾಯ್ದೆ ಬಂತು, ಉಳುವವನ ಹೆಸರಿಗೆ ಹೊಲ ಆತು. ಕಾಯ್ದೆ ಅದು, ಬಾವಿಗೂ ಅದಕ್ಕೂ ಸಂಬಂಧ ಇರಲಿಲ್ಲ ಅಂತ ನನಗೂ ಗೊತ್ತು. ಆದ್ರ ಅಪ್ಪ ಸಾಯೂತನಕ “ಆ ಬಾವಿಯಿಂದ ಕೆಟ್ಟೆ” ಅಂದ. ಅದು ನನ್ನ ತಲಿಯಾಗ ಹಂಗ ಕುಂತೈತಿ.

“ವಿಚಾರ ಮಾಡಿ ಹೇಳತೇನಿ ತಂಗಿ” ಅಂದೆ. ವಿಚಾರ ಮಾಡಾಕ ಇಪ್ಪತ್ತ ದಿನ ತಗೊಂಡೆ. ಕಡೀಕ ಛಳಿಗಾಲ ಬಂತು, ಹೆಂಡತಿ ಕೈ ಮರಗಟ್ಟತಾವ ಅಂತ ಗೊಣಗಿದ್ಲು, ಒಪ್ಪಿದೆ. ಆದ್ರ ಸುಮ್ಮನ ಅಲ್ಲ. ಒಂದು ಕಾಗದ ಮಾಡಿಸಿದೆ: ಸ್ಲ್ಯಾಬಿಗೆ ತೂತು ಹೊಡೀಬಾರದು, ಸ್ಟ್ಯಾಂಡು ಸಿಮೆಂಟಿನ ಕಟ್ಟಿ ಮ್ಯಾಲ ನಿಲ್ಲಬೇಕು, ಟೆರೇಸ್ ಮ್ಯಾಲ ಅವರಿಗೆ ಯಾವ ಹಕ್ಕೂ ಇಲ್ಲ, ಕೀಲಿ ಮುಂಜಾನೆ ಒಯ್ದು ಸಂಜಿಕೆ ತಂದು ಕೊಡಬೇಕು, ರಿಪೇರಿ ಅರ್ಧ ಅರ್ಧ, ಒಬ್ಬರ ತಪ್ಪಿನಿಂದ ಕೆಟ್ರ ಅವರದ ಪೂರ್ತಿ ಖರ್ಚು. ಆ ಹುಡುಗಿ ಒಂದಕ್ಕೂ ಎದುರಾಡಲಿಲ್ಲ. ಎದುರಾಡಿದ್ರ ನನಗ ಸಮಾಧಾನ ಇರತಿತ್ತು. ಎಲ್ಲಾದಕ್ಕೂ ಹೂಂ ಅನ್ನವರ ಮ್ಯಾಲ ನಂಗ ಭರವಸಿ ಕಡಿಮಿ.

ಮೇಸ್ತ್ರಿ ಬಂದು ನೂರು ಲೀಟರಿನ ಟ್ಯಾಂಕು, ಅದರ ಕೆಳಗ ದಕ್ಷಿಣಕ್ಕ ಮುಖ ಮಾಡಿ ಹದಿನೈದು ಗಾಜಿನ ನಳಗಿ ಜೋಡಿಸಿದ. ತಣ್ಣೀರಿನ ಟ್ಯಾಂಕು ಮೊದಲ ಎತ್ತರದಾಗ ಇತ್ತು, ಅಲ್ಲಿಂದ ಪೈಪು ಎಳದ. ಹೋಗೂ ಮುಂದ ಆ ತಣ್ಣೀರಿನ ಪೈಪಿನ ವಾಲ್ ತೋರಿಸಿ ಒಂದು ಮಾತು ಹೇಳಿದ. “ಇದನ್ನ ಯಾವತ್ತೂ ಮುಚ್ಚಬ್ಯಾಡ್ರಿ. ನೀರು ಖಾಲಿ ಆಗಿ ನಳಗಿ ಬಿಸಿಲಿಗೆ ಕಾದಿದ್ರ ಮಧ್ಯಾಹ್ನ ನೀರು ಬಿಡಬ್ಯಾಡ್ರಿ, ಸೀಳತಾವು. ನಸಕಿನ್ಯಾಗ ತಣ್ಣಗಿದ್ದಾಗ ಬಿಡ್ರಿ.” ನಾ ತಲಿ ಆಡಿಸಿದೆ.

ಛಳಿಗಾಲ ಛಲೋ ಹೋತು. ಯುಗಾದಿ ಆದಮ್ಯಾಲ ನನಗ ಹಳೆ ರೋಗ ತಿರಗಿ ಹತ್ತಿತು. ಬಟ್ಟಿ ಎಣಸಾಕ ಹತ್ತಿದೆ. ಮೂರು ಮಂದಿ ಮನಿ, ದಿನಾ ಹಗ್ಗದ ಮ್ಯಾಲ ನಾಲ್ಕು, ಐದು ಹಾಸಿಗಿ ಚಾದರ, ಮ್ಯಾಲ ಹಳೆ ಸೀರಿ ಹರದ ತುಂಡು ರಾಶಿಗಟ್ಟಲೆ. ಬ್ಯಾಸಗ್ಯಾಗ ಬಿಸಿನೀರ ಯಾರಿಗೆ ಬೇಕು? ನಾವಿಬ್ಬರೂ ತಣ್ಣೀರಾಗನ ಜಳಕ ಮಾಡತಿದ್ವಿ. ಆದ್ರ ಇವರದು ಬಿಸಿನೀರಿನ ಸಪ್ಪಳ ಮುಂಜಾನೆ, ಸಂಜಿಕೆ. ನಾ ಲೆಕ್ಕ ಹಾಕಿದೆ: ಯಾವದರ ಲಾಡ್ಜಿನವೋ, ದವಾಖಾನೀವೋ ಚಾದರ ತಂದು ತೊಳದು ಕೊಡತಾಳ. ನನ್ನ ಟೆರೇಸು, ನನ್ನ ಅರ್ಧ ಸೋಲಾರು, ಆಕಿ ಧಂದೆ. ಕೇಳಬಹುದಾಗಿತ್ತು. ಕೇಳಿದ್ರ ಸುಳ್ಳು ಹೇಳತಾಳ ಅಂತ ಕೇಳಲಿಲ್ಲ. ಒಂದಿನ ಸಂಜಿಕೆ ಆಕಿ ಕೀಲಿ ಕೊಟ್ಟ ಮ್ಯಾಲ ಹೋಗಿ ತಣ್ಣೀರಿನ ವಾಲ್ ಮುಚ್ಚಿ ಬಂದೆ. ಬಿಸಿನೀರು ನಿಂತ್ರ ಧಂದೆ ನಿಲ್ಲತೈತಿ, ಆವಾಗ ಬಾಯಿ ಬಿಡತಾಳ ಅಂತ.

ಹತ್ತು ದಿನ ಆಕಿ ಬಾಯಿ ಬಿಡಲಿಲ್ಲ. ನನ್ನ ಸಂಶಯ ಇನ್ನೂ ಗಟ್ಟಿ ಆತು. ತಪ್ಪಿಲ್ಲಂದ್ರ ಯಾಕ ಕೇಳವಲ್ಲಳು?

ಹನ್ನೊಂದನೆ ದಿನ ಊಟದ ಹೊತ್ತಿಗೆ ಬಂದ್ಲು. ಕಣ್ಣು ಕೆಂಪಾಗಿದ್ದವು.

“ಕಾಕಾರ, ಸೋಲಾರಿಂದ ನೀರು ಬರವಲ್ದು. ಇಷ್ಟ ದಿನ ಗ್ಯಾಸಿನ ಮ್ಯಾಲ ಕಾಸಿದೆ, ಈಗ ಸಿಲಿಂಡರ್ ತೀರಿತು. ಅತ್ತಿಯವ್ರು ಎದ್ದೇಳಂಗಿಲ್ಲರಿ. ಲಕ್ವಾ ಹೊಡದೈತಿ. ಎಲ್ಲಾ ಹಾಸಿಗ್ಯಾಗನ. ಬಿಸಿನೀರಾಗ ಒರಸದಿದ್ರ ಬೆನ್ನಮ್ಯಾಲ ಹುಣ್ಣ ಏಳತಾವು. ನಿಮಗ ಸುಳ್ಳ ಹೇಳಿದ್ವಿ. ಮೊದಲ ಖರೇ ಹೇಳಿದ್ದಕ್ಕ ಮೂರು ಕಡೆ ಮನಿ ಕೊಡಂಗಿಲ್ಲ ಅಂದಿದ್ರು.”

ನಾ ತಾಟು ಸರಿಸಿದೆ. ಅಷ್ಟೂ ಚಾದರ ಆ ಮುದುಕೀವು. ಕೈ ತೊಳಕೊಂಡಾಂವನ ಆಕಿ ಕಡೆ ಇದ್ದ ಕೀಲಿ ಇಸಕೊಂಡು ಮ್ಯಾಲ ಓಡಿದೆ. ಜಲ್ದಿ ನೀರು ಸಿಗಲಿ ಅನ್ನೂದೊಂದ ತಲಿಯಾಗ. ಬಿಸಿಲು ನೆತ್ತಿ ಸುಡತಿತ್ತು. ವಾಲ್ ಪೂರ್ತಿ ತಿರವಿದೆ. ಒಂದು ನಿಮಿಷ ಆಗಿರಲಿಕ್ಕಿಲ್ಲ, ಟಪ್ ಅಂತು. ಆಮ್ಯಾಲ ಇನ್ನೊಂದು. ಒಟ್ಟು ಆರು ನಳಗಿ ಸೀಳಿದವು, ನೀರು ಟೆರೇಸ್ ತುಂಬ ಹರೀತು. ಆವಾಗ ನೆಪ್ಪಾತು ಮೇಸ್ತ್ರಿ ಹೇಳಿದ್ದು.

ಮರುದಿನ ಅದ ಮೇಸ್ತ್ರಿ ಬಂದ. ನೋಡಿದಾಂವನ ಸಿಟ್ಟಾದ. “ವಾರಗಟ್ಟಲೆ ವಾಲ್ ಮುಚ್ಚಿದ್ರಿ. ಒಳಗಿನ ನೀರು ಉಗಿಯಾಗಿ ಹೋಗೇತಿ. ಮ್ಯಾಲ ಸುಡು ಬಿಸಲಾಗ ತಣ್ಣೀರು ಬಿಟ್ಟೀರಿ. ಯಾರು ಮುಚ್ಚಿದ್ರು?”

ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗ ನಾ ಅಂಗಿ ಕಾಲರ್ ಸರಿ ಮಾಡಿಕೊಂಡೆ.

“ನಾನ ಮುಚ್ಚಿದ್ದೆರಿ” ಅಂದ್ಲು ಆ ಹುಡುಗಿ. “ಬಟ್ಟಿ ಹಾಕೂ ಮುಂದ ಏನೋ ತಿರವಿರಬೇಕು. ತಿಳೀಲಿಲ್ಲ.”

ಮೇಸ್ತ್ರಿ ನಾಳೆ ನಳಗಿ ತರತೇನಿ ಅಂತ ಹೇಳಿ ಹ್ವಾದ. ಆಕಿ ಹಗ್ಗದಿಂದ ಚಾದರ ತಗದು ಮಡಚಾಕ ಹತ್ತಿದ್ಲು. ಕಾಗದದ ಪ್ರಕಾರ ಪೂರ್ತಿ ಖರ್ಚು ಈಗ ಆಕಿದ.

“ತಂಗಿ, ವಾಲ್ ಮುಚ್ಚಿದ್ದು ನಾ ಅಂತ ನಿನಗ ಗೊತ್ತಿತ್ತಲ್ಲ” ಅಂದೆ.

“ನಿನ್ನೆ ನೀವು ಓಡಿ ಹೋಗಿ ಸೀದಾ ಅದಕ್ಕ ಕೈ ಹಚ್ಚಿದಾಗ ತಿಳೀತ್ರಿ. ನಾ ಹಿಂದಿಂದನ ಹತ್ತಿ ಬಂದಿದ್ದೆ.”

“ಮತ್ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ?”

ಚಾದರದ ಅಂಚು ಕೂಡಿಸಿಕೋತ ಮೆಲ್ಲಕ ಅಂದ್ಲು. “ನಳಗಿ ರೊಕ್ಕ ಹೆಂಗರ ಕೊಡತೇವಿ ಕಾಕಾರ. ನಾಕ ಮಂದಿ ಮುಂದ ನಿಮ್ಮ ತಪ್ಪು ಆಗಿದ್ರ ನೀವು ನಮ್ಮ ಮಾರಿ ನೋಡಾಕ ನಾಚಕೋತಿದ್ರಿ. ಎರಡ ತಿಂಗಳಿಗೆ ಏನರ ನೆವ ಹೇಳಿ ಮನಿ ಬಿಡಸತಿದ್ರಿ. ಅವರನ್ನ ಎತಗೊಂಡು ಇನ್ನೆಲ್ಲಿಗಿ ಹೋಗೂದು?”

ಮೇಸ್ತ್ರಿಗೆ ಖರೇ ಹೇಳತೇನಿ, ಪೂರ್ತಿ ನಾನ ಕೊಡತೇನಿ ಅಂದೆ. ಬ್ಯಾಡ್ರಿ ಅಂದ್ಲು. ಆದ್ರೂ ಕೊಟ್ಟೆ. ಅದು ಸರಳ ಕೆಲಸ. ಆವತ್ತು ಆಕಿಗೆ “ಹುಚ್ಚಿ, ನಾ ಹಂಗ ಮಾಡಾಂವಲ್ಲ” ಅಂತ ಒಂದು ಮಾತು ಹೇಳಬೇಕಾಗಿತ್ತು, ಅದನ್ನ ಹೇಳಲಿಲ್ಲ. ಯಾಕಂದ್ರ ನಾ ಹಂಗ ಮಾಡತಿದ್ದೆ.