ದ್ರೌಪತಿಯ ನೀರಿನ ತೊಟ್ಟಿ

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ದ್ರೌಪತಿ ಲಾರಿ ಡ್ರೈವರುಗಳಿಗೆ ಊಟ ಮಾಡಿ ಹಾಕುತ್ತಿದ್ದಳು. ಬೈಪಾಸು ಆದ ಮೇಲೆ ಲಾರಿಗಳು ಊರೊಳಗೆ ಬರಲಿಲ್ಲ. ಅವಳು ಬೈಪಾಸಿನ ಬದಿಗೆ ತಗಡಿನ ಶೆಡ್ಡು ಹಾಕಿದಳು. ಅಲ್ಲಿಯೂ ಯಾರೂ ನಿಲ್ಲಲಿಲ್ಲ. ಒಲೆ ಆರುವ ಹೊತ್ತು ಬಂದಿತ್ತು.

"ಬೋರ್ಡ ದೊಡ್ಡದು ಮಾಡಸ್ಲೇನ್ರಿ ಆಯಿ?" ಎಂದು ನನ್ನನ್ನು ಕೇಳಿದಳು.

"ಎತ್ತಿಗೆ ಬೋರ್ಡ ಓದಾಕ ಬರತಿತ್ತೇನವಾ?" ಎಂದೆ.

ನನ್ನ ತವರು ಬಸವಕಲ್ಯಾಣ. ಅಜ್ಜ ಹಿರಿಯರಿಂದ ಕೇಳಿದ್ದನ್ನು ಹೇಳುತ್ತಿದ್ದ. ಕೊಂಕಣದ ಬಂದರದಲ್ಲಿ ಹಡಗಿನಿಂದ ಇಳಿದ ಖರ್ಜೂರ, ಅಲ್ಲಿಯ ಉಪ್ಪು ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತಿ ಬರುತ್ತಿದ್ದವು, ಬಂಡಿಗೆ ಆ ಏರು ಆಗುತ್ತಿರಲಿಲ್ಲ. ಇಲ್ಲಿಂದ ಬಟ್ಟೆ ಹೋಗುತ್ತಿತ್ತು. ಹೇರು ಹೊತ್ತ ಎತ್ತು ದಿನಕ್ಕೆ ಮೂರು ಹರದಾರಿ ನಡೆದರೆ ಹೆಚ್ಚು. ನೀರು, ಮೇವು ಇದ್ದಲ್ಲೇ ಹೇರು ಇಳಿಸಬೇಕು. ಹೇರು ಇಳಿದಲ್ಲಿ ರೊಟ್ಟಿಯವಳು ಬರುತ್ತಾಳೆ, ಎತ್ತಿನ ಗೊರಸಿಗೆ ನಾಲು ಹೊಡೆಯುವವನು ಬರುತ್ತಾನೆ, ಸಂತೆ ಕೂಡುತ್ತದೆ. ಸಾಧು, ಫಕೀರರು ಅದೇ ದಾರಿಯಲ್ಲಿ ಬಂದು ಹೊಸ ವಿಚಾರ ಹೇಳಿಹೋಗುತ್ತಾರೆ. ಕಲ್ಯಾಣದಂಥ ಊರುಗಳು ಬೆಳೆದದ್ದು ಹೀಗೆ.

"ಮೊದಲ ನೀರು ಕೊಡು, ನಿಲ್ಲಾಕ ಜಾಗಾ ಕೊಡು. ಊಟದ ಮಾತು ಆಮ್ಯಾಲ," ಎಂದು ದ್ರೌಪತಿಗೆ ಹೇಳಿದೆ.

"ಲಾರಿ ನೀರು ಕುಡಿತದೇನ್ರಿ?" ಎಂದು ನಕ್ಕಳು.

"ಡ್ರೈವರ ಜಳಕಾ ಮಾಡ್ತಾನ."

ಅವಳು ಶೆಡ್ಡಿನ ಮುಂದೆ ಮುರುಮು ಮಣ್ಣು ಹಾಕಿಸಿ ನೆಲ ಗಟ್ಟಿ ಮಾಡಿದಳು, ತೊಟ್ಟಿ ಕಟ್ಟಿಸಿದಳು. ವಾರದೊಳಗೆ ಹೈದರಾಬಾದಿಗೆ ಹೊರಟ ಉಳ್ಳಾಗಡ್ಡಿ ಲಾರಿಯೊಂದು ನಿಂತಿತು. ಡ್ರೈವರ್ ಜಳಕ ಮಾಡಿ ರೊಟ್ಟಿ ಕೇಳಿದ. ಮರುದಿನ ಇನ್ನೆರಡು ಲಾರಿ ನಿಂತವು.

ನಿನ್ನೆ ಪಂಚರ್ ಹಾಕುವ ಶೈಲೇಶ ಅವಳ ಪಕ್ಕದಲ್ಲಿ ಜಾಗ ಕೇಳಲು ಬಂದಿದ್ದ.

"ಕೂಡಪಾ," ಎಂದಳು ದ್ರೌಪತಿ, "ಆದ್ರ ನಿನ್ನ ಎಣ್ಣಿ ಕೈ ನನ್ನ ತೊಟ್ಟಿಗೆ ಹಚ್ಚಬ್ಯಾಡ."